ತಾರಸಿಯಲ್ಲಿ ಎರಡು ದಿನ ನಿಲ್ಲಿಸಿದ ನೀರು ಇಳಿದರೆ: ಸೋರುವ ಜಾಗವನ್ನು ಪತ್ತೆಹಚ್ಚುವ ಕ್ರಮ

ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿದ ತಾರಸಿಯನ್ನು ಮಾಲೀಕರಿಗೆ ಒಪ್ಪಿಸುವ ಮೊದಲು 48 ಗಂಟೆ ನೀರು ನಿಲ್ಲಿಸಿ ನೋಡುವ ರೂಢಿ ಈಗ ಹೆಚ್ಚಿನ ಗುತ್ತಿಗೆಗಳಲ್ಲಿದೆ. ಆದರೆ ಆ 48 ಗಂಟೆಗಳಲ್ಲಿ ಏನನ್ನು ನೋಡಬೇಕು, ಏನನ್ನು ಬರೆದಿಡಬೇಕು, ನೀರು ಇಳಿದದ್ದು ಕಂಡರೆ ಮುಂದೇನು ಮಾಡಬೇಕು ಎಂಬುದು ಕೆಲಸದ ಜಾಗದಲ್ಲಿ ಸ್ಪಷ್ಟವಾಗಿರುವುದಿಲ್ಲ. ಕೆಳಗಿನ ಕೋಣೆಯ ಸೂರಿನಲ್ಲಿ ಒಂದು ಕಲೆ ಕಾಣಿಸಿಕೊಂಡರೆ ಸಾಕು, ಅದರ ನೇರ ಮೇಲಿನ ಜಾಗಕ್ಕೆ ಇನ್ನೆರಡು ಕೋಟ್ ಬಳಿದು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಆ ಕೋಟ್ ಬಹಳ ಸಲ ಸೋರದ ಜಾಗಕ್ಕೆ ಬಿದ್ದಿರುತ್ತದೆ. ಸೂರಿನ ಕಲೆಗಿಂತ ನೀರಿನ ಮಟ್ಟವೇ ದೋಷದ ಜಾಗವನ್ನು ಹೆಚ್ಚು ಸರಿಯಾಗಿ ಹೇಳುತ್ತದೆ ಎಂಬುದು ಹಲವು ತಾರಸಿಗಳ ಮೇಲೆ ನಿಂತು ನೋಡಿದ ನನ್ನ ಅನುಭವ. ಈ ಬರಹ ಆ ಮಟ್ಟವನ್ನು ಓದುವ ಬಗೆಯನ್ನು ಕುರಿತದ್ದು.

ನೀರು ಕಟ್ಟುವ ಮೊದಲು

ಉದಾಹರಣೆಗೆ ಮೈಸೂರಿನ ಒಂದು ಮನೆಯ ತಾರಸಿಯನ್ನೇ ತೆಗೆದುಕೊಳ್ಳುತ್ತೇನೆ. ಉದ್ದ 12 ಮೀಟರ್, ಅಗಲ 9 ಮೀಟರ್. ಅಗಲದುದ್ದಕ್ಕೂ ನೂರಕ್ಕೆ ಒಂದರಂತೆ ವಾಟ ಕೊಟ್ಟಿದ್ದರಿಂದ ಎತ್ತರದ ಅಂಚಿಗೂ ತಗ್ಗಿನ ಅಂಚಿಗೂ 90 ಮಿ.ಮೀ ವ್ಯತ್ಯಾಸವಿತ್ತು. ತಗ್ಗಿನ ಗೋಡೆಯ ಬುಡದಲ್ಲಿ ಮಳೆನೀರಿನ ಎರಡು ಪೈಪುಗಳಿದ್ದವು. ಎತ್ತರದ ಅಂಚಿನಲ್ಲಿ ಕನಿಷ್ಠ 25 ಮಿ.ಮೀ ನೀರು ನಿಲ್ಲಬೇಕೆಂದರೆ ತಗ್ಗಿನ ಅಂಚಿನಲ್ಲಿ 115 ಮಿ.ಮೀ ನಿಲ್ಲುತ್ತದೆ. ಒಂದು ಚದರ ಮೀಟರಿನಲ್ಲಿ ನಿಂತ ಪ್ರತಿ ಮಿಲಿಮೀಟರ್ ನೀರಿನ ತೂಕ ಒಂದು ಕಿಲೋ, ಆದ್ದರಿಂದ ತಗ್ಗಿನ ಅಂಚಿನ ಮೇಲೆ ಚದರ ಮೀಟರಿಗೆ 115 ಕಿಲೋ ಭಾರ ಬಿದ್ದಂತಾಯಿತು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ 875ರ ಎರಡನೆಯ ಭಾಗ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ ಭಾರವನ್ನು ಲೆಕ್ಕಕ್ಕೆ ಹಿಡಿಯುತ್ತದೆ. 115 ಕಿಲೋ ಅದರೊಳಗೇ ಬರುತ್ತದೆಯಾದರೂ, ಟೈಲ್ಸ್ ಪೆಟ್ಟಿಗೆ, ಮರಳಿನ ಚೀಲಗಳು ಮತ್ತು ನೋಡಲು ಬಂದ ಜನರೆಲ್ಲ ಸೇರಿದರೆ ಉಳಿಯುವ ಅಂತರ ಕಡಿಮೆ. ಹಳೆಯ ಮದ್ರಾಸ್ ತಾರಸಿ, ಕಲ್ಲುಚಪ್ಪಡಿ ಹೊದಿಸಿದ ಸೂರು ಅಥವಾ ಆಧಾರವಿಲ್ಲದೆ ಮುಂಚಾಚಿದ ಬಾಲ್ಕನಿ ಇದ್ದರೆ ಎಂಜಿನಿಯರರು ಒಪ್ಪದೆ ನೀರು ನಿಲ್ಲಿಸಲೇಬಾರದು.

ಆದ್ದರಿಂದ ನಾವು ತಾರಸಿಯ ನಡುವೆ, ವಾಟಕ್ಕೆ ಅಡ್ಡಲಾಗಿ, ಇಟ್ಟಿಗೆ ಮತ್ತು ಜೇಡಿಮಣ್ಣಿನ ಒಂದು ಗಿಡ್ಡ ಕಟ್ಟೆ ಹಾಕಿ ಅದನ್ನು ಮೇಲಿನ ಭಾಗ, ಕೆಳಗಿನ ಭಾಗ ಎಂದು ಎರಡು ಮಾಡಿದೆವು. ಪ್ರತಿ ಭಾಗದಲ್ಲೂ ನೀರು ಒಂದು ಕಡೆ 25 ಮಿ.ಮೀ, ಇನ್ನೊಂದು ಕಡೆ 70 ಮಿ.ಮೀ ನಿಂತಿತು. ಎರಡೂ ಭಾಗಗಳಿಗೆ ಸೇರಿ ಬೇಕಾದದ್ದು ಸುಮಾರು 5,100 ಲೀಟರ್, ಕಟ್ಟೆಯಿಲ್ಲದಿದ್ದರೆ 7,500 ಲೀಟರ್ ಮೀರುತ್ತಿತ್ತು. ಭಾರ ಮತ್ತು ನೀರು ಎರಡೂ ಉಳಿಯಿತು ಎಂಬುದಕ್ಕಿಂತ ದೊಡ್ಡ ಲಾಭವೆಂದರೆ, ಸೋರಿಕೆ ಇದ್ದರೆ ಯಾವ ಅರ್ಧದಲ್ಲಿದೆ ಎಂಬುದು ಮೊದಲ ದಿನವೇ ತಿಳಿಯುತ್ತದೆ. ಕಟ್ಟೆಯನ್ನು ಸಿಮೆಂಟ್ ಗಾರೆಯಲ್ಲಿ ಕಟ್ಟಬಾರದು, ಅದನ್ನು ಕೀಳುವಾಗ ಕೋಟಿಂಗ್ ಕೂಡ ಅದರ ಜೊತೆಗೇ ಎದ್ದು ಬರುತ್ತದೆ.

ಕೋಟಿಂಗ್ ಪೂರ್ತಿ ಗಟ್ಟಿಯಾಗುವ ಮುಂಚೆ ನೀರು ಬಿಟ್ಟರೆ ಪರೀಕ್ಷೆಯೇ ಹಾನಿ ಮಾಡುತ್ತದೆ. ಸಿಮೆಂಟ್ ಮತ್ತು ಪಾಲಿಮರ್ ದ್ರಾವಣ ಬೆರೆಸಿ ಬಳಿಯುವ ಎರಡು ಡಬ್ಬಿಯ ಕೋಟಿಂಗ್‌ಗೆ ಡಬ್ಬಿಯ ಮೇಲೆ ಬರೆದಷ್ಟು ದಿನ ಬಿಡಲೇಬೇಕು. ಒಣ ಹವೆಯಲ್ಲಿಯೂ ನಾನು ಏಳು ದಿನಕ್ಕಿಂತ ಕಡಿಮೆ ಬಿಡುವುದಿಲ್ಲ. ನೀರು ಬಿಟ್ಟ ಕೆಲವೇ ಗಂಟೆಗಳಲ್ಲಿ ಅದು ಹಾಲಿನಂತೆ ಬೆಳ್ಳಗಾಗಿ, ಬೆರಳಿಂದ ಉಜ್ಜಿದರೆ ಮೇಲ್ಪದರ ಲೋಳೆಯಾಗಿ ಬರುತ್ತಿದ್ದರೆ ಕೋಟಿಂಗ್ ಇನ್ನೂ ಹಸಿಯಾಗಿದೆ ಎಂದು ತಿಳಿದು, ಆ ಕ್ಷಣವೇ ನೀರನ್ನು ಹೊರಬಿಡಬೇಕು.

ಮಳೆನೀರಿನ ಪೈಪಿನ ಬಾಯಿಗೆ ತಿರುಪು ಬಿಗಿದಾಗ ಹಿಗ್ಗುವ ರಬ್ಬರ್ ಪ್ಲಗ್ ಹಾಕುತ್ತೇವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಪ್ಲಗ್ ಬಾಯಿಯ ಮೇಲ್ತುದಿಯಲ್ಲೇ ಕುಳಿತರೆ, ಪೈಪು ಮತ್ತು ಕಾಂಕ್ರೀಟಿನ ನಡುವಿನ ಸಂದಿಗೆ ನೀರು ತಾಗುವುದೇ ಇಲ್ಲ. ತಾರಸಿಯಲ್ಲಿ ಅತಿ ಹೆಚ್ಚು ಸೋರುವ ಆ ಜಾಗ ಪರೀಕ್ಷೆಗೆ ಒಳಪಡದೆಯೇ ಉಳಿಯುತ್ತದೆ. ಪ್ಲಗ್ಗನ್ನು ಆ ಸಂದಿಗಿಂತ ಕೆಳಗೆ ಇಳಿಸಿ ಬಿಗಿಯಬೇಕು. ರಾತ್ರಿ ಮಳೆ ಸುರಿದರೆ ನೀರು ಮೆಟ್ಟಿಲ ಕೋಣೆಯ ಹೊಸ್ತಿಲು ದಾಟದಂತೆ, ನಡುವೆ ರಂಧ್ರವಿರುವ ಪ್ಲಗ್ ಸಿಕ್ಕಿದರೆ ಅದರೊಳಗೆ ಒಂದು ತುಂಡು ಪೈಪನ್ನು ನಿಲ್ಲಿಸಿ, ಅದರ ಮೇಲ್ತುದಿ ಬೇಕಾದ ಮಟ್ಟಕ್ಕಿಂತ ಹತ್ತು ಮಿಲಿಮೀಟರ್ ಮೇಲಿರುವಂತೆ ಕತ್ತರಿಸುವುದು ಒಳ್ಳೆಯದು.

ಕೆಳಗಿನ ಕೋಣೆಗಳಲ್ಲಿ ಈಗಾಗಲೇ ಇರುವ ಕಲೆಗಳಿಗೆಲ್ಲ ಪೆನ್ಸಿಲಿನಿಂದ ಅಂಚುಗೆರೆ ಎಳೆದು, ತಾರೀಖು ಬರೆದು, ಫೋಟೋ ತೆಗೆದಿಡಬೇಕು. ಹೊಸ ಸ್ಲ್ಯಾಬಿನಲ್ಲಿ ಕ್ಯೂರಿಂಗ್ ನೀರು ವಾರಗಟ್ಟಲೆ ಉಳಿದಿರುತ್ತದೆ. ಅದು ಮೇಲಕ್ಕೆ ಹೋಗಲು ಕೋಟಿಂಗ್ ಬಿಡದ ಕಾರಣ ಕೆಳಕ್ಕೇ ಇಳಿದು ಸೂರಿನಲ್ಲಿ ಕಾಣಿಸಿಕೊಳ್ಳುತ್ತದೆ. ಗೆರೆ ಎಳೆಯದೆ ಪರೀಕ್ಷೆ ಮಾಡಿದರೆ ಹಳೆಯ ತೇವ ಯಾವುದು, ಹೊಸ ಸೋರಿಕೆ ಯಾವುದು ಎಂಬ ವಾದ ಮುಗಿಯುವುದಿಲ್ಲ. ಸ್ಲ್ಯಾಬಿನೊಳಗಿನ ವೈರಿಂಗ್ ಪೈಪುಗಳಲ್ಲೂ ನೀರು ಹರಿದು ಫ್ಯಾನಿನ ಕೊಂಡಿಯಲ್ಲಿ ತೊಟ್ಟಿಕ್ಕಬಹುದಾದ್ದರಿಂದ ಆ ಮಹಡಿಯ ಸೂರಿನ ವಿದ್ಯುತ್ ಸಾಲನ್ನು ಎರಡೂ ದಿನ ಬಂದ್ ಮಾಡಿರಬೇಕು.

ಬೋಗುಣಿಯ ಲೆಕ್ಕ

ನೀರು ಇಳಿಯುವುದೆಲ್ಲ ಸೋರಿಕೆಯಲ್ಲ. ಬೇಸಿಗೆಯ ಬಿಸಿಲಿಗೆ ದಿನಕ್ಕೆ ಆರೇಳು ಮಿಲಿಮೀಟರ್ ಆವಿಯಾಗುವುದು ನಮ್ಮ ಕಡೆ ಸಾಮಾನ್ಯ, ಗಾಳಿ ಜೋರಾಗಿದ್ದರೆ ಇನ್ನೂ ಹೆಚ್ಚು. ಹೀಗಿರುವಾಗ "ಇಷ್ಟು ಮಿಲಿಮೀಟರ್ ಇಳಿದರೆ ಪರವಾಗಿಲ್ಲ" ಎಂಬ ಸ್ಥಿರವಾದ ಅಂಕಿಯನ್ನು ನಂಬಿಕೊಳ್ಳುವುದು ತಪ್ಪು. ನೇರ ಬದಿಗಳಿರುವ ಅಗಲವಾದ ಒಂದು ಪ್ಲಾಸ್ಟಿಕ್ ಬೋಗುಣಿಯನ್ನು ನಿಂತ ನೀರಿನ ನಡುವೆಯೇ ಇಟ್ಟು, ತೇಲದಂತೆ ಅದರೊಳಗೆ ಕಲ್ಲಿಟ್ಟು, ಸುತ್ತಲಿನಷ್ಟೇ ಆಳಕ್ಕೆ ನೀರು ತುಂಬಬೇಕು. ಒಣ ಜಾಗದಲ್ಲಿಟ್ಟ ಬೋಗುಣಿ ಹೆಚ್ಚು ಕಾಯುತ್ತದೆ, ನೀರಿನೊಳಗೆ ನಿಂತದ್ದಕ್ಕೆ ಹೆಚ್ಚುಕಡಿಮೆ ಅದೇ ಶಾಖ ತಾಗುತ್ತದೆ. ಬೋಗುಣಿ ಸೋರುವುದಿಲ್ಲ, ಆದ್ದರಿಂದ ಅದರಲ್ಲಿ ಇಳಿದದ್ದು ಆವಿಯಾದದ್ದು. ತಾರಸಿಯಲ್ಲಿ ಅದಕ್ಕಿಂತ ಹೆಚ್ಚಾಗಿ ಇಳಿದದ್ದಷ್ಟೇ ನಮ್ಮ ಚಿಂತೆಯ ವಿಷಯ.

ಅಳತೆಗೆ ಒಂದು ಇಟ್ಟಿಗೆಗೆ ಸ್ಟೀಲ್ ಸ್ಕೇಲನ್ನು ನೆಟ್ಟಗೆ ಕಟ್ಟಿ ತಗ್ಗಿನ ಗೋಡೆಯ ಬುಡದಲ್ಲಿ ನಿಲ್ಲಿಸಿ, ಎರಡು ದಿನವೂ ಅದನ್ನು ಕದಲಿಸದಿದ್ದರೆ ಸಾಕು. ಗಾಳಿ ಬೀಸುವಾಗ ನೀರು ಒಂದು ಬದಿಗೆ ಸರಿದು ಒಂದೆರಡು ಮಿಲಿಮೀಟರ್ ಸುಳ್ಳು ಹೇಳುತ್ತದೆ, ಆದ್ದರಿಂದ ಬೆಳಗ್ಗೆ ಮತ್ತು ರಾತ್ರಿ ಗಾಳಿ ನಿಂತಿರುವಾಗ ಓದಬೇಕು. ತುಂಬಿಸಿದ ಕೂಡಲೇ ಮೊದಲ ಅಳತೆ ತೆಗೆದುಕೊಳ್ಳಬಾರದು. ಇಟ್ಟಿಗೆ, ಜೇಡಿಮಣ್ಣು, ಗೋಡೆಯ ಬುಡ ಎಲ್ಲವೂ ಮೊದಲು ಒಂದಿಷ್ಟು ನೀರು ಕುಡಿಯುತ್ತವೆ. ನಾಲ್ಕು ಗಂಟೆ ಬಿಟ್ಟು, ಕಡಿಮೆಯಾದದ್ದನ್ನು ತುಂಬಿ, ಅಲ್ಲಿಂದ 48 ಗಂಟೆ ಎಣಿಸಬೇಕು. ನಡುವೆ ಮಳೆ ಬಂದರೆ ಆ ಅಳತೆಗಳನ್ನು ಬಿಟ್ಟು ಹೊಸದಾಗಿ ಶುರು ಮಾಡಬೇಕು. ಮೆಟ್ಟಿಲ ಕೋಣೆಯ ಸೂರಿನ ನೀರು ತಾರಸಿಗೆ ಹರಿದು ಬರುತ್ತದೆ, ಬೋಗುಣಿಗೆ ಬರುವುದಿಲ್ಲ.

ಮೈಸೂರಿನ ತಾರಸಿಯಲ್ಲಿ ಕಂಡದ್ದು

ಅದು ಏಪ್ರಿಲ್ ತಿಂಗಳು. ಮೊದಲ ದಿನ ಬೆಳಗ್ಗೆ 8 ಗಂಟೆಗೆ ಎರಡೂ ಭಾಗಗಳಲ್ಲಿ ಅತಿ ಹೆಚ್ಚಿನ ಆಳ 70 ಮಿ.ಮೀ ಇತ್ತು. ಮರುದಿನ ಬೆಳಗ್ಗೆ 8ಕ್ಕೆ ಬೋಗುಣಿಯಲ್ಲಿ 6 ಮಿ.ಮೀ ಇಳಿದಿತ್ತು, ಮೇಲಿನ ಭಾಗದಲ್ಲೂ 6. ಕೆಳಗಿನ ಭಾಗದಲ್ಲಿ ಮಾತ್ರ 10. ಇದರ ನಡುವೆ, ಸುಮಾರು ಇಪ್ಪತ್ತನೆಯ ಗಂಟೆಗೆ, ಕೆಳಗಿನ ಭಾಗದ ಅಡಿಯಲ್ಲಿರುವ ಮಲಗುವ ಕೋಣೆಯ ಸೂರಿನಲ್ಲಿ ಅಂಗೈಯಗಲದ ಹೊಸ ಕಲೆ ಕಾಣಿಸಿತ್ತು. ಮೇಸ್ತ್ರಿಯವರು ಕೂಡಲೇ, "ಸಾರ್, ನೀರು ಬಿಟ್ಟುಬಿಡೋಣ, ಕಲೆಯ ಮೇಲ್ಭಾಗಕ್ಕೆ ಎರಡು ಕೋಟ್ ಹೊಡೆದುಬಿಡ್ತೀನಿ" ಎಂದರು. ಅವರ ಆತಂಕ ನನಗೂ ಅರ್ಥವಾಗುವಂತದ್ದೇ, ಒಪ್ಪಿಸುವ ದಿನ ಹತ್ತಿರವಿತ್ತು. ಆದರೆ ನೀರನ್ನು ಒಮ್ಮೆಗೇ ಹೊರಬಿಟ್ಟರೆ ಕೈಯಲ್ಲಿದ್ದ ಏಕೈಕ ಸಾಕ್ಷಿ ಹರಿದುಹೋಗುತ್ತದೆ.

ಮೊದಲು ಕಟ್ಟೆಯನ್ನು ಸಂದೇಹದಿಂದ ಬಿಡಿಸಬೇಕಾಗಿತ್ತು. ಕಟ್ಟೆ ಸೋರಿದರೆ ಮೇಲಿನ ಭಾಗದ ನೀರು ಕೆಳಗಿನ ಭಾಗಕ್ಕೆ ಬಂದು, ಕೆಳಗಿನ ಭಾಗದ ಸೋರಿಕೆಯನ್ನು ಮುಚ್ಚಿಹಾಕುತ್ತದೆ. ಇಲ್ಲಿ ಮೇಲಿನ ಭಾಗ ಬೋಗುಣಿಯಷ್ಟೇ ಇಳಿದಿದ್ದರಿಂದ ಕಟ್ಟೆ ಭದ್ರವಾಗಿತ್ತು, ಮೇಲಿನ ಭಾಗದ ಕೋಟಿಂಗ್ ಕೂಡ ಸರಿಯಾಗಿತ್ತು. ಉಳಿದ ಲೆಕ್ಕ ಸರಳ: ಕೆಳಗಿನ ಭಾಗದ 54 ಚದರ ಮೀಟರಿನಲ್ಲಿ ಹೆಚ್ಚುವರಿ 4 ಮಿ.ಮೀ ಎಂದರೆ ದಿನಕ್ಕೆ 216 ಲೀಟರ್.

ಮಿಲಿಮೀಟರನ್ನು ಲೀಟರಿಗೆ ತಿರುಗಿಸುವುದು ಏಕೆ ಮುಖ್ಯವೆಂದರೆ, ಮುಂದೆ ಸಿಗುವ ಪ್ರತಿಯೊಂದು ಕಾರಣವನ್ನೂ ಈ ಅಂಕಿಯ ಎದುರು ಇಟ್ಟು ತೂಗಬಹುದು. ಎರಡು ಪೈಪುಗಳ ಬುಡ ನೋಡಿದಾಗ ಒಂದು ಒಣಗಿತ್ತು, ಇನ್ನೊಂದರಿಂದ ಹನಿ ಬೀಳುತ್ತಿತ್ತು. ಸುಳ್ಳು ಆತಂಕಕ್ಕೆ ಪ್ಲಗ್ಗಿನ ಈ ಸೋರಿಕೆಯೇ ಬಹುಪಾಲು ಕಾರಣ. ಹನಿಯ ಕೆಳಗೆ ಲೋಟ ಹಿಡಿದಾಗ ಹತ್ತು ನಿಮಿಷದಲ್ಲಿ 200 ಮಿಲಿಲೀಟರ್ ತುಂಬಿತು, ಅಂದರೆ ದಿನಕ್ಕೆ ಸುಮಾರು 29 ಲೀಟರ್, ಮಟ್ಟದ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್. ಪ್ಲಗ್ಗನ್ನು ಬಿಗಿದೆವು, ಹನಿ ನಿಂತಿತು. ಆದರೂ ಸುಮಾರು 187 ಲೀಟರಿಗೆ ಲೆಕ್ಕ ಸಿಕ್ಕಿರಲಿಲ್ಲ, ಮತ್ತು ಸೂರಿನ ಆ ಅಂಗೈಯಗಲದ ಕಲೆ 187 ಲೀಟರನ್ನು ಹಿಡಿದಿಟ್ಟಿರಲು ಸಾಧ್ಯವೇ ಇರಲಿಲ್ಲ. ನೀರು ಬೇರೆಲ್ಲೋ ಹೊರಗೆ ಹೋಗುತ್ತಿತ್ತು, ಸೂರಿಗೆ ಬಂದದ್ದು ಅದರ ಒಂದು ಸಣ್ಣ ಕವಲು ಮಾತ್ರ.

ಹೊರಗೋಡೆಯನ್ನು ಸುತ್ತಿ ನೋಡಿದೆವು. ಗೋಡೆ ಒದ್ದೆಯಾಗಿಯೇ ಇತ್ತು, ಆದರೆ ಹೊಸ ಗಾರೆಗೆ ಬೆಳಗ್ಗೆ ಸಂಜೆ ಪೈಪು ಹಿಡಿದು ಕ್ಯೂರಿಂಗ್ ಮಾಡುತ್ತಿದ್ದರಿಂದ ಆ ತೇವದಿಂದ ಏನೂ ತಿಳಿಯುವಂತಿರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಮನೆಯ ಯಾವ ಗೋಡೆಗೂ ನೀರು ಹಾಕಬಾರದು ಎಂದು ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ಆ ಒಂದು ಮಾತು ಹೇಳಿದ್ದರೆ ಒಂದು ದಿನ ಉಳಿಯುತ್ತಿತ್ತು.

ಮಟ್ಟವನ್ನು ಇಳಿಸಿ ಕೇಳುವುದು

ಇಲ್ಲಿ ರಾತ್ರಿ 8 ಗಂಟೆಗೆ ತೆಗೆದ ಅಳತೆ ನೆರವಿಗೆ ಬಂದಿತು. ಮೊದಲ ಹನ್ನೆರಡು ಗಂಟೆಗಳಲ್ಲಿ ಕೆಳಗಿನ ಭಾಗ ಬೋಗುಣಿಗಿಂತ 3 ಮಿ.ಮೀ ಹೆಚ್ಚು ಇಳಿದಿತ್ತು, ಎರಡನೆಯ ಹನ್ನೆರಡು ಗಂಟೆಗಳಲ್ಲಿ 1 ಮಿ.ಮೀ ಮಾತ್ರ. ತೂತು ನೆಲದಲ್ಲೋ ಪೈಪಿನ ಬಾಯಲ್ಲೋ ಇದ್ದರೆ ಅದರ ಮೇಲೆ ಯಾವಾಗಲೂ ಸಾಕಷ್ಟು ನೀರು ನಿಂತೇ ಇರುವುದರಿಂದ, ಸೋರಿಕೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ನಡೆಯುತ್ತದೆ. ಮಟ್ಟ ಸ್ವಲ್ಪವೇ ಇಳಿದಾಗ ಸೋರಿಕೆ ಇಷ್ಟು ಬೇಗ ಸೊರಗಿದರೆ ತೂತು ನೀರಿನ ಮೇಲ್ಮೈಗೆ ಬಹಳ ಹತ್ತಿರದಲ್ಲಿದೆ ಎಂದರ್ಥ, ಅಂದರೆ ನೆಲದಲ್ಲಲ್ಲ, ಅಂಚಿನ ಗೋಡೆಯಲ್ಲಿ.

ಇದನ್ನು ಖಚಿತಪಡಿಸಿಕೊಳ್ಳಲು ಗೋಡೆಯ ಮೇಲೆ ಮೊದಲ ದಿನದ ನೀರಿನ ಗೆರೆಯನ್ನು ಸೀಮೆಸುಣ್ಣದಿಂದ ಸುತ್ತಲೂ ಗುರುತಿಸಿ, ಕೆಳಗಿನ ಭಾಗದ ನೀರನ್ನು ಬಕೆಟ್ಟಿನಿಂದ ಮೊಗೆದು ಅತಿ ಹೆಚ್ಚಿನ ಆಳ 48 ಮಿ.ಮೀ ಆಗುವವರೆಗೆ ಇಳಿಸಿ, ಆ ಹೊಸ ಗೆರೆಯನ್ನೂ ಗುರುತಿಸಿದೆವು. ಆಗಲೂ ಕಟ್ಟೆಯ ಬುಡದವರೆಗೆ ನೆಲವೆಲ್ಲ ನೀರಿನಡಿಯಲ್ಲೇ ಇತ್ತು. ಇನ್ನು 24 ಗಂಟೆ ಕಾದೆವು. ಬೋಗುಣಿ 6 ಮಿ.ಮೀ ಇಳಿಯಿತು, ಕೆಳಗಿನ ಭಾಗವೂ 6. ಸೋರಿಕೆ ನಿಂತಿತ್ತು. ಪ್ಲಗ್ ಬಿಗಿದದ್ದು ಅರ್ಧ ಮಿಲಿಮೀಟರಿನ ಕಾರಣವಷ್ಟೇ ಎಂದು ಮೊದಲೇ ಅಳೆದಿದ್ದರಿಂದ, ಉಳಿದದ್ದು ನಿಂತದ್ದು ಮಟ್ಟ ಇಳಿದ ಕಾರಣದಿಂದಲೇ ಎಂಬುದರಲ್ಲಿ ಅನುಮಾನವಿರಲಿಲ್ಲ. ನೆಲ, ಪೈಪಿನ ಬಾಯಿಯ ಸಂದಿ ಮತ್ತು ಮೇಸ್ತ್ರಿಯವರು ಬಳಿಯಬೇಕೆಂದಿದ್ದ ಕಲೆಯ ಮೇಲಿನ ಜಾಗ ಎಲ್ಲವೂ ಇನ್ನೂ ನೀರಿನಡಿಯಲ್ಲಿದ್ದು ಸೋರದೆ ನಿಂತಿದ್ದವು. ದೋಷವಿದ್ದದ್ದು ಎರಡು ಗೆರೆಗಳ ನಡುವಿನ 22 ಮಿಲಿಮೀಟರಿನ ಪಟ್ಟಿಯಲ್ಲಿ. 54 ಚದರ ಮೀಟರನ್ನು ಹುಡುಕುವ ಬದಲು, ಗೋಡೆಯ ಬುಡದುದ್ದಕ್ಕೂ ಎರಡು ಬೆರಳಿನಗಲದ ಪಟ್ಟಿಯನ್ನು ಹುಡುಕಿದರೆ ಸಾಕಾಯಿತು.

ಆ ಪಟ್ಟಿಯನ್ನು ಬಟ್ಟೆಯಿಂದ ಒರೆಸಿ, ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಹಿಡಿದು ನೋಡುತ್ತ ಹೋದೆವು. ಬೆಳಕು ಓರೆಯಾಗಿ ಬಿದ್ದಾಗ ಕೂದಲೆಳೆಯಂತಹ ಬಿರುಕಿಗೂ ನೆರಳು ಬರುತ್ತದೆ. ಗೋಡೆ ಮತ್ತು ನೆಲ ಸೇರುವಲ್ಲಿನ ದುಂಡು ಗಾರೆ ಎಲ್ಲೂ ಬಿಟ್ಟಿರಲಿಲ್ಲ. ಕಲೆಯಿದ್ದ ಜಾಗದಿಂದ ಎರಡೂವರೆ ಮೀಟರ್ ದೂರದಲ್ಲಿ, ತಾರಸಿ ತೊಳೆಯುವ ನಲ್ಲಿಗಾಗಿ ಪ್ಯಾರಾಪೆಟ್ ಗೋಡೆಯನ್ನು ತೂರಿ ಬಂದಿದ್ದ ಒಂದು ಪೈಪು ಸಿಕ್ಕಿತು. ಅದರ ತೂತಿನ ಕೆಳ ಅಂಚು ನೆಲದಿಂದ 55 ಮಿ.ಮೀ ಎತ್ತರದಲ್ಲಿತ್ತು. ಕೋಟಿಂಗ್ ಮುಗಿದ ಎರಡು ದಿನಕ್ಕೆ ಪ್ಲಂಬರ್ ಬಂದು ಗೋಡೆ ಕೊರೆದು ಪೈಪು ಕೂರಿಸಿ, ಸುತ್ತ ಸಿಮೆಂಟ್ ಮೆತ್ತಿ, ಅದರ ಮೇಲೆ ಬಿಳಿ ಬಣ್ಣ ಹೊಡೆದು ಹೋಗಿದ್ದರು. ಸಿಮೆಂಟ್ ಒಣಗಿ ಕುಗ್ಗಿ ಪೈಪಿನ ಸುತ್ತ ಉಂಗುರದಂತೆ ಸಂದಿ ಬಿಟ್ಟಿತ್ತು.

ಅಲ್ಲಿಂದ ನೀರಿನ ದಾರಿಯನ್ನು ಊಹಿಸುವುದು ಕಷ್ಟವಾಗಲಿಲ್ಲ. ಪ್ಯಾರಾಪೆಟ್ಟನ್ನು ಟೊಳ್ಳು ಸಿಮೆಂಟ್ ಬ್ಲಾಕಿನಲ್ಲಿ ಕಟ್ಟಿದ್ದರು. ಸಂದಿಯಿಂದ ಒಳಹೊಕ್ಕ ನೀರು ಬ್ಲಾಕಿನ ಟೊಳ್ಳಿಗಿಳಿದು, ಸ್ಲ್ಯಾಬಿನ ಮೇಲ್ಮೈ ತಲುಪಿ, ಬ್ಲಾಕಿನ ಅಡಿಯ ಗಾರೆಯುದ್ದಕ್ಕೂ ಹರಿದು ಬಹುಪಾಲು ಹೊರಗೋಡೆಗೆ ಇಳಿಯುತ್ತಿತ್ತು. ಸ್ವಲ್ಪ ಮಾತ್ರ ಸ್ಲ್ಯಾಬಿನ ಒಂದು ಸಡಿಲು ಜಾಗ ಸಿಕ್ಕಲ್ಲಿ ಕೋಣೆಯ ಸೂರಿಗೆ ಬಂದಿತ್ತು. ಕ್ಯೂರಿಂಗ್ ನಿಲ್ಲಿಸಿದ ಮರುದಿನ ಗೋಡೆಯ ಉಳಿದ ಭಾಗ ಒಣಗಿ, ಪೈಪಿನ ಕೆಳಗೆ ಕಿಟಕಿಯ ಸಜ್ಜದವರೆಗೆ ಇಳಿದಿದ್ದ ಒದ್ದೆಯ ಪಟ್ಟೆ ಎದ್ದು ಕಂಡಿತು.

ರಿಪೇರಿ ಮತ್ತು ಮರುಪರೀಕ್ಷೆ

ಪೈಪನ್ನು ಅದೇ ತೂತಿನಲ್ಲಿ ಉಳಿಸಿ ಸುತ್ತ ಸೀಲ್ ಮಾಡುವ ದಾರಿಯೂ ಇತ್ತು. ನಾನು ಒಪ್ಪಲಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಪೈಪು ಕಾಂಕ್ರೀಟಿಗಿಂತ ಎಷ್ಟೋ ಪಟ್ಟು ಹೆಚ್ಚು ಹಿಗ್ಗಿ ಕುಗ್ಗುವುದರಿಂದ, ನೀರಿನ ಗೆರೆಯ ಕೆಳಗೆ ಅದಕ್ಕೊಂದು ಸಂದಿ ಇದ್ದೇ ಇದ್ದರೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದು ಮತ್ತೆ ಬಿಡುವ ಸಂಭವ ಹೆಚ್ಚು. ಪೈಪನ್ನು ಕಿತ್ತು, ಪ್ಯಾರಾಪೆಟ್ಟಿನ ತಲೆಯ ಮೇಲಿಂದ ಹಾಯಿಸಿ ಕೊಂಡಿ ಹಾಕಿಸಿದೆವು. ತೂತಿನ ಸಡಿಲು ಸಿಮೆಂಟನ್ನು ಕೆತ್ತಿ ತೆಗೆದು, ಬಾಯನ್ನು ಅಗಲಿಸಿ, ಧೂಳು ಊದಿ, ಕುಗ್ಗದ ಗ್ರೌಟ್ ತುಂಬಿ, ಅದು ಗಟ್ಟಿಯಾದ ಮೇಲೆ ಸುತ್ತ 150 ಮಿ.ಮೀ ಹಳೆಯ ಕೋಟಿಂಗಿನ ಮೇಲೆ ಹಾಯುವಂತೆ ಫೈಬರ್ ಜಾಲರಿಯನ್ನು ಮೊದಲ ಕೋಟಿನಲ್ಲಿ ಹುದುಗಿಸಿ, ಎರಡನೆಯ ಕೋಟ್ ಬಳಿದು ಏಳು ದಿನ ಬಿಟ್ಟೆವು.

ಮರುಪರೀಕ್ಷೆಯನ್ನು 48 ಗಂಟೆ ಪೂರ್ತಿಯಾಗಿ, ಮೊದಲ ಸಲದ 70 ಮಿಲಿಮೀಟರ್ ಮಟ್ಟಕ್ಕೇ ನೀರು ಏರಿಸಿ ಮಾಡಿದೆವು. ಕೆಲವರು ಉಳಿದ ಗಂಟೆಗಳನ್ನಷ್ಟೇ ಎಣಿಸಿ ಮುಗಿಸುತ್ತಾರೆ, ಅಥವಾ ನೀರು ಉಳಿಸಲು ಕಡಿಮೆ ಮಟ್ಟದಲ್ಲಿ ನಿಲ್ಲಿಸುತ್ತಾರೆ. ರಿಪೇರಿಯಾದ ಜಾಗ 55 ಮಿ.ಮೀ ಎತ್ತರದಲ್ಲಿರುವಾಗ 50 ಮಿಲಿಮೀಟರಿನ ಪರೀಕ್ಷೆ ಎಷ್ಟು ದಿನ ನಡೆದರೂ ಅದನ್ನು ಮುಟ್ಟುವುದೇ ಇಲ್ಲ. ಎರಡು ದಿನದ ಕೊನೆಗೆ ಬೋಗುಣಿ 11, ಮೇಲಿನ ಭಾಗ 12, ಕೆಳಗಿನ ಭಾಗ 11 ಮಿ.ಮೀ ಇಳಿದಿದ್ದವು. ಒಂದು ಮಿಲಿಮೀಟರಿನ ವ್ಯತ್ಯಾಸ ಸ್ಕೇಲನ್ನು ಓದುವುದರಲ್ಲೇ ಬರುತ್ತದೆ. ಮಲಗುವ ಕೋಣೆಯ ಕಲೆ ಪೆನ್ಸಿಲ್ ಗೆರೆಯಾಚೆ ಹರಡಲಿಲ್ಲ.

ನೀರು ಹೊರಬಿಡುವ ಗಳಿಗೆಯೂ ಪರೀಕ್ಷೆಯ ಭಾಗವೇ. ಪೈಪುಗಳನ್ನು ಒಂದೊಂದಾಗಿ, ನಡುವೆ ಅರ್ಧ ದಿನ ಬಿಟ್ಟು ತೆರೆಯಬೇಕು. 48 ಗಂಟೆ ಒಣಗಿದ್ದ ಸೂರು ಅಥವಾ ಗೋಡೆ ನೀರು ಬಿಡುವಾಗ ಒದ್ದೆಯಾದರೆ, ಸೋರುತ್ತಿರುವುದು ತಾರಸಿಯಲ್ಲ, ಪ್ಲಗ್ಗಿಗಿಂತ ಕೆಳಗಿನ ಪೈಪಿನ ಜೋಡಣೆ. ಯಾವ ಪೈಪು ತೆರೆದಾಗ ಒದ್ದೆಯಾಯಿತು ಎಂಬುದರಿಂದ ಯಾವ ಪೈಪು ಎಂಬುದೂ ತಿಳಿಯುತ್ತದೆ. ನೀರು ಪೂರ್ತಿ ಹೋದ ಮೇಲೂ ಎರಡು ದಿನ ಸೂರನ್ನು ನೋಡುತ್ತಿರಬೇಕು, ಏಕೆಂದರೆ ವಾಟದ ಗಾರೆಯೊಳಗೆ ಸಿಕ್ಕಿಕೊಂಡ ನೀರು ನಿಧಾನವಾಗಿ ಕೆಳಗಿಳಿಯುತ್ತದೆ.

ಮಾಲೀಕರ ಕೈಗೆ ಕೊಟ್ಟ ಹಾಳೆಯಲ್ಲಿ ಪ್ರತಿ ಅಳತೆಯ ದಿನ, ಗಂಟೆ, ಬೋಗುಣಿಯ ಮತ್ತು ಎರಡೂ ಭಾಗಗಳ ಅಂಕಿಗಳು, ಮೊದಲ ಪರೀಕ್ಷೆ ವಿಫಲವಾದ ಕಾರಣ, ಪೈಪಿನ ಹಳೆಯ ಜಾಗದ ಫೋಟೋ ಇದ್ದವು. ಅದರ ಜೊತೆಗೆ ಪರೀಕ್ಷೆ ಏನನ್ನು ನೋಡಿಲ್ಲ ಎಂಬುದನ್ನೂ ಬರೆದೆವು: ನೀರಿನ ಗೆರೆಗಿಂತ ಮೇಲಿನ ಪ್ಯಾರಾಪೆಟ್ ಗೋಡೆ, ಅದರ ತಲೆ, ಹೊಸ್ತಿಲಿನ ಮೇಲಿನ ಬಾಗಿಲ ಚೌಕಟ್ಟು ಇವಾವುದಕ್ಕೂ ನೀರು ತಾಗಿಲ್ಲ, ಮತ್ತು ಗಾಳಿಗೆ ಓರೆಯಾಗಿ ಬಡಿಯುವ ಮಳೆಯಲ್ಲಿ ಅವು ಹೇಗೆ ನಿಲ್ಲುತ್ತವೆ ಎಂಬುದು ಈ ಅಂಕಿಗಳಿಂದ ತಿಳಿಯುವುದಿಲ್ಲ. ಇನ್ನು ಮುಂದೆ ಸೋಲಾರ್ ಸ್ಟ್ಯಾಂಡಿಗಾಗಲಿ, ಡಿಶ್ ಆಂಟೆನಾಗಾಗಲಿ, ನಲ್ಲಿಗಾಗಲಿ ತಾರಸಿಯ ನೆಲದಲ್ಲಿ ಅಥವಾ ಗೋಡೆಯ ಬುಡದ 300 ಮಿಲಿಮೀಟರಿನೊಳಗೆ ಯಾರಾದರೂ ತೂತು ಕೊರೆದರೆ ಈ ಹಾಳೆ ಆ ಜಾಗಕ್ಕೆ ಅನ್ವಯಿಸುವುದಿಲ್ಲ ಎಂದು ಕೊನೆಯಲ್ಲಿ ಸೇರಿಸಿದೆವು. ಮಾಲೀಕರು ಅದನ್ನು ಓದಿ, ಸೋಲಾರ್ ಕೆಲಸದವರು ಮುಂದಿನ ವಾರ ಬರುವವರಿದ್ದಾರೆಂದು ಹೇಳಿ, ಅವರ ಸ್ಟ್ಯಾಂಡನ್ನು ಬೋಲ್ಟ್ ಹಾಕದೆ ಕಾಂಕ್ರೀಟ್ ದಿಮ್ಮಿಗಳ ಮೇಲೆ ಕೂರಿಸುವಂತೆ ತಿಳಿಸಲು ನನ್ನ ಎದುರಿನಲ್ಲೇ ಫೋನ್ ಮಾಡಿದರು.